ರೂಪಾಯಿ ಲೆಕ್ಕ ಬದಿಗಿಡಿ, ಗ್ರಾಂ ಲೆಕ್ಕ ಹಿಡಿಯಿರಿ

2025ರ ಡಿಸೆಂಬರ್ ಕೊನೆಯ ವಾರ. ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಚಿನ್ನ-ಬೆಳ್ಳಿ ವ್ಯಾಪಾರಿಗಳ ಸಂಘದ ಸಭೆ ಸೇರಿತ್ತು. ಮಾತಿಗೆ ನಿಂತ ಅಧ್ಯಕ್ಷರು ಸ್ವಾಗತ, ವಂದನೆಗಳನ್ನೆಲ್ಲ ಎರಡೇ ವಾಕ್ಯದಲ್ಲಿ ಮುಗಿಸಿ ನೇರವಾಗಿ ಕೇಳಿದರು: “ಈ ವರ್ಷ ಲಾಭ ಆಗೇತಿ ಅನ್ನೋರು ಕೈ ಎತ್ರಿ ನೋಡೋಣ.” ಸಭಾಂಗಣದ ತುಂಬ ಕೈಗಳು ಎದ್ದವು. “ಜನವರಿ ಒಂದನೇ ತಾರೀಖಿಗೆ ಎಷ್ಟು ಗ್ರಾಂ ಇತ್ತೋ ಅಷ್ಟ ಗ್ರಾಂ ಇವತ್ತೂ ನನ್ನ ಅಂಗಡ್ಯಾಗ ಐತಿ ಅನ್ನೋರು?” ಎಂದರು. ಈ ಸಲ ಮುಂದಿನ ಸಾಲಿನಲ್ಲಿ ನಾಲ್ಕೈದು ಕೈ, ಹಿಂದೆ ಒಂದೆರಡು. ಅಷ್ಟೇ.

ಉಳಿದ ಒಂದು ಗಂಟೆಯ ಭಾಷಣವೆಲ್ಲ ಈ ಎರಡು ಪ್ರಶ್ನೆಗಳ ನಡುವಿನ ಅಂತರದ ಮೇಲೆಯೇ ನಡೆಯಿತು. ಚಿನ್ನದ ದರ ಏರಿದರೆ ಚಿನ್ನದಂಗಡಿಯವರಿಗೆ ಸುಗ್ಗಿ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಅಂಗಡಿಯವರಲ್ಲೂ ಅನೇಕರು ಹಾಗೆಯೇ ನಂಬಿದ್ದಾರೆ. ಏರುವ ದರವೂ ಸರಾಫನನ್ನು ಮುಳುಗಿಸಬಲ್ಲದು ಎಂಬುದನ್ನು ಅಧ್ಯಕ್ಷರು ಅಂಗಡಿಯ ಲೆಕ್ಕದಿಂದಲೇ ತೋರಿಸಿಕೊಟ್ಟರು.

ಮೊದಲು ಆ ವರ್ಷದ ಏರಿಳಿತ ಎಂಥದ್ದು ನೋಡೋಣ. ಅಂಗಡಿಯ ಬೋರ್ಡಿನ ಮೇಲೆ ಬರೆಯುವ ದರ ಹುಟ್ಟುವುದು ಇಲ್ಲಿ ಅಲ್ಲ. ದೇಶದಲ್ಲಿ ಗಣಿಯಿಂದ ತೆಗೆಯುವ ಚಿನ್ನದ ಬಹುಪಾಲು ರಾಯಚೂರು ಜಿಲ್ಲೆಯ ಹಟ್ಟಿಯದೇ ಆದರೂ, ದೇಶದ ಬೇಡಿಕೆಯ ಮುಂದೆ ಅದು ಚಿಟಿಕೆಯಷ್ಟು, ಉಳಿದದ್ದೆಲ್ಲ ಆಮದು. ಹಾಗಾಗಿ ದರದ ಲೆಕ್ಕ ಹೀಗೆ ನಡೆಯುತ್ತದೆ: ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಒಂದು ಔನ್ಸ್, ಅಂದರೆ 31.1 ಗ್ರಾಂ ಚಿನ್ನಕ್ಕೆ ಇರುವ ಡಾಲರ್ ಬೆಲೆಯನ್ನು ಗ್ರಾಮಿಗೆ ಇಳಿಸಿ, ರೂಪಾಯಿಗೆ ತಿರುಗಿಸಿ, ಮೇಲೆ ಆಮದು ಸುಂಕ ಸೇರಿಸಬೇಕು; 2025ರಲ್ಲಿ ಅದು ಶೇಕಡಾ 6 ಇತ್ತು. 2025ರ ಜನವರಿ ಮೊದಲ ದಿನಗಳಲ್ಲಿ ಔನ್ಸ್‌ಗೆ ಸುಮಾರು 2,625 ಡಾಲರ್ ಇತ್ತು, ಡಾಲರ್‌ಗೆ 85 ರೂಪಾಯಿ ಚಿಲ್ಲರೆ. ಗ್ರಾಂ ಅಪರಂಜಿ ಸುಮಾರು 7,660 ರೂಪಾಯಿ ಆಯಿತು. ಡಿಸೆಂಬರ್ ಕೊನೆಗೆ ಔನ್ಸ್ 4,500 ಡಾಲರ್ ದಾಟಿತ್ತು, ಡಾಲರ್ 90 ರೂಪಾಯಿಯ ಆಸುಪಾಸಿನಲ್ಲಿತ್ತು. ಅದೇ ಗ್ರಾಂ ಆಗ 13,800ರ ಹತ್ತಿರವಿತ್ತು. ಹೊರಗೆ ಚಿನ್ನ ಏರಿತು, ಒಳಗೆ ರೂಪಾಯಿ ಇಳಿಯಿತು. ಎರಡೂ ಒಂದೇ ದಿಕ್ಕಿಗೆ ತಳ್ಳಿದವು.

ಇಷ್ಟೇ ಆಗಿದ್ದರೆ ಏರಿಕೆಯ ವರ್ಷ ಎಂದು ಸುಮ್ಮನಾಗಬಹುದಿತ್ತು. ನಡುವೆ ದೀಪಾವಳಿ ಬಂತು. ಧನ್‌ತೇರಸ್‌ನ ಮುನ್ನಾದಿನ, ಅಕ್ಟೋಬರ್ 17ರಂದು, ಎಂಸಿಎಕ್ಸ್ ಪೇಟೆಯಲ್ಲಿ ಹತ್ತು ಗ್ರಾಂ ಚಿನ್ನ 1,32,000 ದಾಟಿ ದಾಖಲೆ ಬರೆಯಿತು. ಅಕ್ಟೋಬರ್ 21ರಂದು ಅಂತಾರಾಷ್ಟ್ರೀಯ ದರ ಒಂದೇ ದಿನದಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಕುಸಿಯಿತು. ಅವತ್ತು ನಮ್ಮಲ್ಲಿ ಲಕ್ಷ್ಮೀಪೂಜೆ. ಮುಹೂರ್ತದ ಒಂದು ಗಂಟೆಯ ವಹಿವಾಟು ಬಿಟ್ಟರೆ ಪೇಟೆಗೆ ರಜೆ. ಹೊರಗೆ ಬೆಲೆ ಜಾರುತ್ತಿರುವುದನ್ನು ಮೊಬೈಲಿನಲ್ಲಿ ನೋಡುತ್ತ ಕೂರುವುದಲ್ಲದೆ ಇಲ್ಲಿನವರಿಗೆ ಬೇರೆ ದಾರಿ ಇರಲಿಲ್ಲ. ತಿಂಗಳ ಕೊನೆಯ ಹೊತ್ತಿಗೆ ಹತ್ತು ಗ್ರಾಮಿನ ಮೇಲೆ ಹನ್ನೆರಡು ಸಾವಿರಕ್ಕೂ ಹೆಚ್ಚು ಇಳಿದಿತ್ತು. ಬೆಳ್ಳಿಯ ಕಥೆ ಇನ್ನೂ ವಿಪರೀತ: ಅಕ್ಟೋಬರ್ ಮಧ್ಯದಲ್ಲಿ ಗಟ್ಟಿ ಬೆಳ್ಳಿಗೆ ಎಷ್ಟು ಬರ ಬಂತೆಂದರೆ, ಕೆಲವು ಮ್ಯೂಚುವಲ್ ಫಂಡ್‌ಗಳು ತಮ್ಮ ಬೆಳ್ಳಿ ಫಂಡ್‌ಗಳಿಗೆ ಹೊಸ ಹಣ ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಿದವು.

ಅಧ್ಯಕ್ಷರು ಮೊದಲು ಕೈಗೆತ್ತಿಕೊಂಡದ್ದು ಒಂದು ಸರದ ಮಾರಾಟ. ಸೆಪ್ಟೆಂಬರ್ ಮೊದಲ ವಾರ 40 ಗ್ರಾಮಿನ 22 ಕ್ಯಾರೆಟ್ ಸರ ಮಾರಿದ್ದೀರಿ ಎಂದುಕೊಳ್ಳಿ. 916ರ ಲೆಕ್ಕದಲ್ಲಿ ಅದರೊಳಗೆ 36.64 ಗ್ರಾಂ ಅಪರಂಜಿ ಇದೆ. ಅಂದಿನ ದರ ಗ್ರಾಮಿಗೆ ಸುಮಾರು 10,500. ಚಿನ್ನದ ಬಾಬ್ತು 3,84,720 ರೂಪಾಯಿ, ಮೇಲೆ ಶೇಕಡಾ 10ರ ಮಜೂರಿ 38,472. ಜಿಎಸ್‌ಟಿ ಸರ್ಕಾರದ್ದು, ಅದನ್ನು ಬಿಡೋಣ. ಸಂಜೆ ಗಲ್ಲಾ ಎಣಿಸಿದಾಗ ಮನಸ್ಸು ತುಂಬುತ್ತದೆ. ಆದರೆ ಅಂಗಡಿಯಲ್ಲಿ 36.64 ಗ್ರಾಂ ಕಡಿಮೆಯಾಗಿದೆ. “ದರ ಭಾಳ ಏರೇತಿ, ಇನ್ನೊಂದೆರಡು ದಿನ ತಡದು ಗಟ್ಟಿ ತಗೊಂಡ್ರಾತು” ಎಂದು ಮಾಲೀಕ ಕಾಯುತ್ತಾನೆ. ತಿಂಗಳ ಕೊನೆಗೆ ದರ 11,600. ಅಷ್ಟೇ ಚಿನ್ನ ತಿರುಗಿ ತರಲು ಈಗ 4,25,024 ರೂಪಾಯಿ ಬೇಕು, ಅಂದರೆ 40,304 ರೂಪಾಯಿ ಹೆಚ್ಚು. ಪಡೆದ ಮಜೂರಿಯೆಲ್ಲ ಅಲ್ಲೇ ಕರಗಿತು. ಪತ್ತಾರನ ಕೂಲಿ, ಅಂಗಡಿ ಬಾಡಿಗೆ, ಹುಡುಗರ ಪಗಾರ ಇನ್ನೂ ಬಾಕಿ.

ಪುಸ್ತಕದಲ್ಲಿ ಮಾತ್ರ ಇದು ಭರ್ಜರಿ ಲಾಭದ ಮಾರಾಟ. ಸರದ ಚಿನ್ನ ಜನವರಿಯಲ್ಲಿ 7,660ಕ್ಕೆ ಕೊಂಡದ್ದು, ಮಾರಿದ್ದು 10,500ಕ್ಕೆ. ಲೆಕ್ಕಪರಿಶೋಧಕರು ಆ ವ್ಯತ್ಯಾಸವನ್ನು ಲಾಭವೆಂದೇ ಬರೆಯುತ್ತಾರೆ, ಅದರ ಮೇಲೆ ತೆರಿಗೆಯೂ ಬೀಳುತ್ತದೆ. ಲಾಭ ಆಯಿತೆಂದು ಕೈ ಎತ್ತಿದವರೆಲ್ಲ ನೋಡಿದ್ದು ಈ ಪುಸ್ತಕವನ್ನು.

ಹಾಗಾದರೆ ಏನು ಮಾಡಬೇಕು? ಅಧ್ಯಕ್ಷರ ಮೊದಲ ಸೂತ್ರ ಹಳೆಯದು, ಸರಾಫ ಕಟ್ಟೆಯ ಹಿರಿಯರೆಲ್ಲ ಹೇಳುತ್ತಿದ್ದದ್ದು: ಹಗಲು ಮಾರಿದ ಚಿನ್ನವನ್ನು ಸಂಜೆಯೊಳಗೆ ತಿರುಗಿ ಕೊಳ್ಳಬೇಕು. ದರ ಎಷ್ಟೇ ಇರಲಿ. ಏರುತ್ತದೋ ಇಳಿಯುತ್ತದೋ ಎಂದು ಊಹಿಸುವುದು ಸರಾಫನ ಕೆಲಸವಲ್ಲ, ಅವನ ದುಡಿಮೆ ಮಜೂರಿಯಲ್ಲಿದೆ. ಊಹೆ ಮಾಡುವವನು ಮಜೂರಿಯನ್ನು ಪಣಕ್ಕಿಟ್ಟಂತೆ.

ಇದಕ್ಕಾಗಿ ಅವರು ತಮ್ಮ ಅಂಗಡಿಯ ಒಂದು ನೋಟ್‌ಬುಕ್ ಎತ್ತಿ ತೋರಿಸಿದರು. ಶಾಲೆಯ ಮಕ್ಕಳದ್ದೇ ಉದ್ದ ಪುಸ್ತಕ, ರೂಪಾಯಿಯ ಕಾಲಂ ಅದರಲ್ಲಿ ಇಲ್ಲವೇ ಇಲ್ಲ. ಎಲ್ಲವೂ ಅಪರಂಜಿಯ ಗ್ರಾಮಿನಲ್ಲಿ. ಒಂದು ದಿನದ ಸಾಲು ಹೀಗಿತ್ತು: ಮಾರಿದ್ದು 92, ಗಿರಾಕಿಗಳಿಂದ ಬಂದ ಹಳೆ ಚಿನ್ನ 31, ಕೊಳ್ಳಬೇಕಾದದ್ದು 61. ಸಂಜೆ ಆರಕ್ಕೆ ಚಿನಿವಾರ ಪೇಟೆಯ ವರ್ತಕನಿಗೆ ಫೋನು ಮಾಡಿ 61 ಗ್ರಾಮಿಗೆ ದರ ಮಾಡಿಸಿದರೆ ಅವತ್ತಿನ ಲೆಕ್ಕ ಮುಗಿಯಿತು. ಹಳೆ ಚಿನ್ನ ಹೆಚ್ಚು ಬಂದ ದಿನ ಕೊಳ್ಳುವ ಗ್ರಾಂ ಕಡಿಮೆ. ದರ ಏರಿದ ವರ್ಷದಲ್ಲಿ ಗಿರಾಕಿ ಹಳೆಯದನ್ನು ಹಾಕಿ ಹೊಸದನ್ನು ಒಯ್ಯುವುದೇ ಹೆಚ್ಚು. ಆದ್ದರಿಂದ ಹಳೆ ಚಿನ್ನದ ಕ್ಯಾರೆಟ್ ಅಳೆಯುವ ಯಂತ್ರ ಸರಿಯಾಗಿರಬೇಕು ಎಂದು ಒತ್ತಿ ಹೇಳಿದರು. ಶೇಕಡಾ ಒಂದರಷ್ಟು ಅಳತೆ ತಪ್ಪಿದರೂ ಆಗಿನ ದರದಲ್ಲಿ ಗ್ರಾಮಿಗೆ ನೂರಮೂವತ್ತಕ್ಕೂ ಹೆಚ್ಚು ರೂಪಾಯಿ ಹೋಗುತ್ತಿತ್ತು.

ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ತಿಂಗಳಿಗೊಮ್ಮೆ ಬರೆಯುವ ಲೆಕ್ಕವಿತ್ತು. ಸಭೆಯಲ್ಲಿ ಹೆಚ್ಚು ಗುಸುಗುಸು ಎದ್ದದ್ದು ಅದನ್ನು ಓದಿದಾಗ. ಗಾಜಿನ ಕಪಾಟು ಮತ್ತು ತಿಜೋರಿಯಲ್ಲಿ 1,040 ಗ್ರಾಂ. ಪತ್ತಾರರ ಕೈಯಲ್ಲಿ 110. ಒಟ್ಟು 1,150. ಇದರಲ್ಲಿ ಮಾಸಿಕ ಕಂತಿನ ಸ್ಕೀಮಿನವರಿಗೆ ಕೊಡಬೇಕಾದದ್ದು 570, ಮುಂಗಡ ಕೊಟ್ಟು ದರ ಕಟ್ಟಿಸಿಕೊಂಡವರಿಗೆ 150. ಉಳಿದದ್ದು 430 ಗ್ರಾಂ. “ನಾ ಒಂದು ಕಿಲೋ ಅಂಗಡಿಯಾವ ಅಂತ ಊರ ತಿಳಕೊಂಡೇತಿ. ನನ್ನದು ಅರ್ಧ ಕಿಲೋನೂ ಇಲ್ಲ,” ಎಂದರು.

ಸ್ಕೀಮಿನ ವಿಷಯದಲ್ಲಿ ಅವರು ಸ್ವಲ್ಪ ಹೆಚ್ಚೇ ಹೊತ್ತು ನಿಂತರು, ನಿಲ್ಲಬೇಕಾದದ್ದೇ. ತಿಂಗಳಿಗೆ ಇಷ್ಟು ಹಣ ಕಟ್ಟಿ, ಹನ್ನೊಂದು ತಿಂಗಳಿಗೆ ಒಡವೆ ಒಯ್ಯುವ ಯೋಜನೆ ಈಗ ಸಣ್ಣ ಊರುಗಳಲ್ಲೂ ಇದೆ. ಹನ್ನೊಂದೇ ತಿಂಗಳು ಏಕೆಂದರೆ, ಕಂಪನಿಯೊಂದು ಸರಕಿಗಾಗಿ ಪಡೆದ ಮುಂಗಡವನ್ನು 365 ದಿನದೊಳಗೆ ತೀರಿಸದಿದ್ದರೆ ಕಾನೂನಿನ ಕಣ್ಣಿಗೆ ಅದು ಠೇವಣಿ ಆಗಿಬಿಡುತ್ತದೆ. ಅನೇಕ ಅಂಗಡಿಗಳು ಪ್ರತಿ ಕಂತನ್ನೂ ಅಂದಿನ ದರದಲ್ಲಿ ಗ್ರಾಮಿಗೆ ತಿರುಗಿಸಿ ಗಿರಾಕಿಯ ಪಾಸ್‌ಬುಕ್ಕಿನಲ್ಲಿ ಬರೆದುಕೊಡುತ್ತವೆ. ಗಿರಾಕಿಗೆ ಇದು ಬಹಳ ಒಳ್ಳೆಯದು. ಅಂಗಡಿಯವನು ಮಾತ್ರ ಅದೇ ದಿನ ಅಷ್ಟೇ ಗ್ರಾಂ ಕೊಂಡು ಒಳಗಿಡಬೇಕು. ಇಡುವವರು ಎಷ್ಟು ಜನ? ಕಂತಿನ ಹಣ ಕೈಗೆ ಬರುವುದು ನಗದಿನ ರೂಪದಲ್ಲಿ. ಅಂಗಡಿಗೆ ಹೊಸ ಗಾಜು, ಮಗಳ ಕಾಲೇಜಿನ ಫೀ, ಜಾಗದ ಮುಂಗಡ ಎಂದು ಅದು ಎಲ್ಲೋ ಹೋಗಿರುತ್ತದೆ.

ನೂರು ಜನ ತಿಂಗಳಿಗೆ 5,000ದಂತೆ ಕಟ್ಟಿದರು ಎನ್ನಿ. 2025ರ ಜನವರಿಯಿಂದ ನವೆಂಬರ್‌ವರೆಗೆ ಹನ್ನೊಂದು ಕಂತಿಗೆ 55 ಲಕ್ಷ ಸೇರುತ್ತದೆ. ಜನವರಿಯಲ್ಲಿ 22 ಕ್ಯಾರೆಟ್ ಗ್ರಾಮಿಗೆ ಸುಮಾರು 7,150 ಇತ್ತು, ಆ ಕಂತಿಗೆ 70 ಗ್ರಾಂ ಬರೆದುಕೊಟ್ಟಾಯಿತು. ಹೀಗೆ ಪ್ರತಿ ತಿಂಗಳ ಮೊದಲ ದಿನದ ದರ ಹಿಡಿದು ಕೂಡಿಸಿದರೆ ಹನ್ನೊಂದು ತಿಂಗಳಿಗೆ ಸುಮಾರು 620 ಗ್ರಾಂ ಆಗುತ್ತದೆ. ನವೆಂಬರ್ ಮೊದಲ ದಿನ 22 ಕ್ಯಾರೆಟ್ ದರ 11,280ರ ಸುಮಾರಿಗಿತ್ತು. 620 ಗ್ರಾಂ ಕೊಡಲು ಬೇಕಾದದ್ದು 70 ಲಕ್ಷ. ಚಿನ್ನ ಕೊಳ್ಳದೆ ಹಣ ಬಳಸಿಕೊಂಡವನು 15 ಲಕ್ಷ ಕೈಯಿಂದ ಹಾಕಬೇಕು, ಅದೂ 55 ಲಕ್ಷ ಹಾಗೇ ಉಳಿದಿದ್ದರೆ. ದೊಡ್ಡ ದರ ಏರಿಕೆಯ ವರ್ಷಗಳಲ್ಲಿ ಸ್ಕೀಮ್ ನಡೆಸುವ ಅಂಗಡಿಗಳು ರಾತ್ರೋರಾತ್ರಿ ಬಾಗಿಲು ಹಾಕುವ ಸುದ್ದಿ ಬಂದಾಗ ಜನ ಮೋಸ ಎನ್ನುತ್ತಾರೆ. ಮೋಸವೂ ಇರುತ್ತದೆ. ಆದರೆ ಎಷ್ಟೋ ಸಲ ಒಳಗಿರುವುದು ಗ್ರಾಂ ಬರೆದುಕೊಟ್ಟು ಗ್ರಾಂ ಕೊಳ್ಳದ ಈ ಸರಳ ಲೆಕ್ಕ.

ದರ ಕಟ್ಟುವ ಬುಕಿಂಗ್‌ನಲ್ಲಿ ಇನ್ನೊಂದು ಬಗೆಯ ಗುಂಡಿ ಇದೆ. ಹತ್ತು ಪರ್ಸೆಂಟ್ ಮುಂಗಡ ಕೊಟ್ಟು ಇಂದಿನ ದರ ಹಿಡಿದಿಟ್ಟುಕೊಳ್ಳಿ, ಒಡವೆ ಒಯ್ಯುವ ದಿನ ದರ ಇಳಿದಿದ್ದರೆ ಆ ಕಡಿಮೆ ದರಕ್ಕೇ ಕೊಡುತ್ತೇವೆ ಎಂಬ ಜಾಹೀರಾತನ್ನು ಎಲ್ಲರೂ ನೋಡಿರುತ್ತಾರೆ. ದೊಡ್ಡ ಕಂಪನಿಗಳು ಮಾಡುತ್ತವೆ ಎಂದು ಸಣ್ಣವರೂ ಶುರುಮಾಡಿದರು. ಅಕ್ಟೋಬರ್ 17ರಂದು ಅಪರಂಜಿ ಲೆಕ್ಕದಲ್ಲಿ 50 ಗ್ರಾಂ, 13,000ದ ದರಕ್ಕೆ ಬುಕ್ ಆಯಿತು ಎನ್ನಿ. ಅಂಗಡಿಯವನು ಜಾಣ, ಅವತ್ತೇ 50 ಗ್ರಾಂ ಕೊಂಡಿಟ್ಟ. ಹತ್ತು ದಿನದಲ್ಲಿ ದರ 12,000ಕ್ಕೆ ಇಳಿಯಿತು, ಗಿರಾಕಿ ಬಂದು ಆ ದರಕ್ಕೇ ಒಯ್ದ. ಅಂಗಡಿಗೆ 50,000 ನಷ್ಟ. ಬದಲಿಗೆ ಅವನು ಕೊಳ್ಳದೇ ಕಾದಿದ್ದು, ಗಿರಾಕಿ ಡಿಸೆಂಬರ್ ಕೊನೆಯ ಮದುವೆಗೆ ಬಂದಿದ್ದರೆ? ದರ 13,800, ನಷ್ಟ 40,000. ಮೇಲೆ ಹೋದರೂ ಹೊರೆ, ಕೆಳಗೆ ಬಂದರೂ ಹೊರೆ. ಗಿರಾಕಿಗೆ ಎರಡೂ ಕಡೆಯ ರಕ್ಷಣೆಯನ್ನು ಅಂಗಡಿಯವನು ಪುಕ್ಕಟೆ ಬರೆದುಕೊಟ್ಟಿದ್ದಾನೆ. ಅಧ್ಯಕ್ಷರ ಸಲಹೆ ಖಡಕ್ಕಾಗಿತ್ತು: ಕಡಿಮೆ ದರದ ಭರವಸೆ ನಿಲ್ಲಿಸಿ, ದರ ಕಟ್ಟುವುದಾದರೆ ಅರ್ಧಕ್ಕಿಂತ ಹೆಚ್ಚು ಹಣ ಪಡೆದು, ಅವತ್ತೇ ಗಟ್ಟಿ ಕೊಂಡು, ಚೀಟಿಯಲ್ಲಿ ಕೊನೆಯ ದಿನಾಂಕ ಬರೆಯಿರಿ.

ಇಲ್ಲಿ ಒಬ್ಬ ಯುವ ವ್ಯಾಪಾರಿ ಎದ್ದು, ಎಂಸಿಎಕ್ಸ್‌ನಲ್ಲಿ ಹೆಡ್ಜ್ ಮಾಡಿದರೆ ಇಷ್ಟೆಲ್ಲ ತಲೆನೋವೇ ಇಲ್ಲವಲ್ಲ ಎಂದು ಕೇಳಿದ. ಹೆಡ್ಜ್ ಎಂದರೆ, ಅಂಗಡಿಯಲ್ಲಿರುವ ಚಿನ್ನದಷ್ಟೇ ತೂಕವನ್ನು ವಾಯಿದಾ ಪೇಟೆಯಲ್ಲಿ ಮುಂಚಿತವಾಗಿ ಮಾರಿಡುವುದು. ದರ ಇಳಿದರೆ ಅಂಗಡಿಯ ಚಿನ್ನದಲ್ಲಿ ಆದ ನಷ್ಟ ವಾಯಿದಾದಲ್ಲಿ ಲಾಭವಾಗಿ ಬರುತ್ತದೆ. ನೂರು ಗ್ರಾಮಿನ ಗೋಲ್ಡ್ ಮಿನಿ ಒಪ್ಪಂದ ಸಣ್ಣ ಅಂಗಡಿಗೂ ಎಟಕುತ್ತದೆ. ಅಧ್ಯಕ್ಷರು ಅದನ್ನು ಅಲ್ಲಗಳೆಯಲಿಲ್ಲ. 2024ರ ಜುಲೈ 23ರ ಬಜೆಟ್ ದಿನವನ್ನು ಅವರೇ ನೆನಪಿಸಿದರು. ಆಮದು ಸುಂಕ ಶೇಕಡಾ 15ರಿಂದ 6ಕ್ಕೆ ಇಳಿದದ್ದೇ ತಡ, ಕಪಾಟಿನಲ್ಲಿದ್ದ ಚಿನ್ನದ ಬೆಲೆ ಒಂದೇ ಮಧ್ಯಾಹ್ನದಲ್ಲಿ ಬಿತ್ತು. ತನಿಷ್ಕ್ ನಡೆಸುವ ಬೆಂಗಳೂರಿನ ಟೈಟಾನ್ ಕಂಪನಿಯೇ ಆ ತ್ರೈಮಾಸಿಕದಲ್ಲಿ ಸುಂಕ ಕಡಿತದಿಂದ ಸುಮಾರು 290 ಕೋಟಿ ರೂಪಾಯಿ ನಷ್ಟ ತೋರಿಸಬೇಕಾಯಿತು.

ಆದರೆ ಏರುವ ವರ್ಷದಲ್ಲಿ ಹೆಡ್ಜ್‌ನ ಇನ್ನೊಂದು ಮುಖ ಕಾಣುತ್ತದೆ. ಜನವರಿಯಲ್ಲಿ 500 ಗ್ರಾಂ ವಾಯಿದಾ ಮಾರಿ, ಅವಧಿ ಮುಗಿದಂತೆ ಮುಂದಕ್ಕೆ ಹಾಕುತ್ತ ಬಂದವನಿಗೆ ವರ್ಷಾಂತ್ಯಕ್ಕೆ ಗ್ರಾಮಿಗೆ ಆರು ಸಾವಿರದ ಆಸುಪಾಸು ನಷ್ಟ, ಅಂದರೆ ಸುಮಾರು 30 ಲಕ್ಷ. ಅವನ ಅಂಗಡಿಯ ಚಿನ್ನವೂ ಅಷ್ಟೇ ಬೆಳೆದಿದೆ, ನಿಜ. ಆದರೆ ವಾಯಿದಾ ನಷ್ಟವನ್ನು ದಿನದಿನವೂ ನಗದಿನಲ್ಲಿ ಕಟ್ಟಬೇಕು. ಬೆಳೆದ ಬೆಲೆ ಕಪಾಟಿನ ಬೋರಮಾಳ, ಬಿಲ್ವಾರಗಳಲ್ಲಿ ಕುಳಿತಿದೆ. ಬ್ರೋಕರ್‌ನಿಂದ ಸಂಜೆ ಫೋನು ಬಂದಾಗ ಹಣ ಇಲ್ಲದಿದ್ದರೆ ಒಪ್ಪಂದವನ್ನು ಅವನೇ ಕತ್ತರಿಸುತ್ತಾನೆ. ಹಾಗೆ ದೀಪಾವಳಿಯ ಏರಿಕೆಯಲ್ಲಿ ಹೆಡ್ಜ್ ಕಳೆದುಕೊಂಡು, ಮರುವಾರದ ಇಳಿಕೆಯಲ್ಲಿ ಚಿನ್ನದ ಬೆಲೆಯನ್ನೂ ಕಳೆದುಕೊಳ್ಳುವುದು ಎರಡು ಕಡೆಯ ಪೆಟ್ಟು. ಹೆಡ್ಜ್ ಮಾಡುವುದಾದರೆ ನಿಮ್ಮ ಸ್ವಂತ ಗ್ರಾಮಿನ ಒಂದು ಭಾಗಕ್ಕೆ ಮಾತ್ರ ಮಾಡಿ, ಅದಕ್ಕೆಂದೇ ನಗದು ಬೇರೆ ಇಡಿ ಎಂದರು. ಬ್ಯಾಂಕಿನಿಂದ ಹಣದ ಬದಲು ಚಿನ್ನವನ್ನೇ ಸಾಲ ಪಡೆಯುವ ಗೋಲ್ಡ್ ಮೆಟಲ್ ಲೋನ್ ಇದಕ್ಕಿಂತ ಸುಲಭದ ದಾರಿ. ಗ್ರಾಂ ತಂದು ಗ್ರಾಂ ತೀರಿಸಿದರಾಯಿತು. ಆದರೆ ದರ ಏರಿದಂತೆ ಬ್ಯಾಂಕು ಕೇಳುವ ಭದ್ರತೆಯೂ ಏರುತ್ತದೆ, ಸಣ್ಣ ಅಂಗಡಿಗಳಿಗೆ ಅದು ಸಿಗುವುದೇ ಕಷ್ಟ.

ರೂಪಾಯಿಯಲ್ಲಿ ಕಟ್ಟಿಟ್ಟ ಎರಡು ಕಾಗದಗಳ ಬಗ್ಗೆ ಅವರು ಕೊನೆಗೆ ಎಚ್ಚರಿಸಿದರು. ಒಂದು ಬ್ಯಾಂಕಿನ ಸಿಸಿ ಮಿತಿ. 80 ಲಕ್ಷದ ಮಿತಿಯಲ್ಲಿ ಜನವರಿಯಲ್ಲಿ ಒಂದು ಕಿಲೋಗೂ ಮೇಲೆ ಚಿನ್ನ ಬರುತ್ತಿತ್ತು, ಡಿಸೆಂಬರ್‌ನಲ್ಲಿ 580 ಗ್ರಾಂ. ಇನ್ನೊಂದು ವಿಮೆ, ಇದನ್ನು ಬಹಳ ಜನ ಮರೆತಿದ್ದರು. ಸರಕಿನ ಬೆಲೆ 1 ಕೋಟಿ 38 ಲಕ್ಷಕ್ಕೆ ಏರಿದ್ದು, ಪಾಲಿಸಿ ಹಳೆಯ 80 ಲಕ್ಷದಲ್ಲೇ ನಿಂತಿದ್ದರೆ, ಹತ್ತು ಲಕ್ಷದ ಒಡವೆ ಕಳುವಾದಾಗ ವಿಮಾ ಕಂಪನಿ ಹತ್ತು ಲಕ್ಷ ಕೊಡುವುದಿಲ್ಲ. ಪೂರ್ತಿ ಬೆಲೆಗೆ ವಿಮೆ ಮಾಡಿಸಿಲ್ಲವೆಂದು ಅದೇ ಪ್ರಮಾಣದಲ್ಲಿ ಕಡಿತ ಮಾಡಿ 5 ಲಕ್ಷ 80 ಸಾವಿರದ ಸುಮಾರು ಕೊಡುತ್ತದೆ. ಸಭೆ ಮುಗಿಯುವ ಮೊದಲೇ ಇಬ್ಬರು ಹೊರಗೆ ಹೋಗಿ ಏಜೆಂಟರಿಗೆ ಫೋನು ಮಾಡಿದರು.

ಇಷ್ಟು ಕರಾರುವಾಕ್ಕಾದ ಭಾಷಣದಲ್ಲಿ ಪತ್ತಾರರಿಗೆ ಸಿಕ್ಕದ್ದು ಒಂದು ವಾಕ್ಯ. ದರ ಏರಿದಂತೆ ಗಿರಾಕಿ 40 ಗ್ರಾಮಿನ ಸರದ ಜಾಗದಲ್ಲಿ 25 ಗ್ರಾಮಿನದು ಕೇಳುತ್ತಾನೆ. ಕೂಲಿ ಗ್ರಾಮಿನ ಲೆಕ್ಕದಲ್ಲಿದ್ದರೆ, ಕೊಂಡಿಗೆ ಕೊಂಡಿ ಬೆಸೆಯುವ ಶ್ರಮ ಅಷ್ಟೇ ಇದ್ದರೂ ಪತ್ತಾರನ ಕೈಗೆ ಬರುವುದು ಕಡಿಮೆ. ಹಗುರ ಒಡವೆಯಲ್ಲಿ ಕುಸುರಿ ಕೆಲಸ ಹೆಚ್ಚೇ ಇರುತ್ತದೆ. ಶೇಕಡಾವಾರು ಮಜೂರಿಯಿಂದ ಅಂಗಡಿಯ ಆದಾಯ ದರದೊಂದಿಗೆ ತಾನಾಗಿ ಏರುತ್ತದೆ, ಪತ್ತಾರನದು ಏರುವುದಿಲ್ಲ. ಸಂಘ ಮುಂದಿನ ವರ್ಷದ ಕಾರ್ಯಸೂಚಿಯಲ್ಲಿ ನಗವಾರು ಕೂಲಿಯ ವಿಷಯವನ್ನೂ ಸೇರಿಸಿಕೊಂಡಿದ್ದರೆ ಭಾಷಣ ಪೂರ್ತಿಯಾಗುತ್ತಿತ್ತು.

ಅಂಗಡಿಯವರ ಈ ಲೆಕ್ಕದಲ್ಲಿ ಗಿರಾಕಿಗೂ ಕೆಲಸವಿದೆ. ಕಂತಿನ ಸ್ಕೀಮಿಗೆ ಸೇರುವ ಮುನ್ನ ಪ್ರತಿ ತಿಂಗಳು ಪಾಸ್‌ಬುಕ್ಕಿನಲ್ಲಿ ಬರೆಯುವುದು ರೂಪಾಯಿಯೋ ಗ್ರಾಮೋ ಎಂದು ಕೇಳಿ. ಗ್ರಾಂ ಆದರೆ ಯಾವ ಕ್ಯಾರೆಟ್‌ನದು, ಒಡವೆ ಕೊಳ್ಳುವ ದಿನ ಮಜೂರಿ ಎಷ್ಟು ಎಂಬುದನ್ನು ಅದೇ ಪುಸ್ತಕದಲ್ಲಿ ಬರೆಸಿಕೊಳ್ಳಿ. ಮದುವೆಗೆಂದು ದರ ಕಟ್ಟಿಸುವಾಗ ತೂಕ, ದರ, ಕೊಟ್ಟ ಮುಂಗಡ, ಕೊನೆಯ ದಿನಾಂಕ ಇರುವ ರಸೀದಿ ಪಡೆಯಿರಿ. ಎಲ್ಲರಿಗಿಂತ ಹೆಚ್ಚು ಉದಾರವಾಗಿ ದರದ ಭರವಸೆ ಕೊಡುವ ಅಂಗಡಿಯಲ್ಲಿ, ನೀವು ಬುಕ್ ಮಾಡಿದ ಚಿನ್ನವನ್ನು ಅವರು ಕೊಂಡಿಟ್ಟಿದ್ದಾರೆಯೇ ಎಂದು ಕೇಳಲು ಸಂಕೋಚಪಡಬೇಡಿ.